ಪಣತಿ ಹೋಗುತ್ತದೆ, ಹುಲ್ಲು ಹೋಗುವುದಿಲ್ಲ

ಖಾನಾಪುರದ ಕುಂಬಾರರು ಪಣತಿಗಳನ್ನು ಭತ್ತದ ಹುಲ್ಲಿನಲ್ಲಿ ಸುತ್ತಿ ಬೆಳಗಾವಿಗೆ ಕಳಿಸುತ್ತಾರೆ. ಟೆಂಪೋದಲ್ಲಿ ಎಷ್ಟು ಕುಲುಕಿದರೂ ಒಡೆಯುವುದು ಕಡಿಮೆ. ಆದರೆ ಅದೇ ಹುಲ್ಲು ಆಸ್ಟ್ರೇಲಿಯಾದಲ್ಲಿ ತಕರಾರಿಗೆ ಕಾರಣವಾಗುತ್ತದೆ.

ನನ್ನ ಪರಿಚಯದ ಪೂಜಾ ಸಾಮಾನಿನ ಅಂಗಡಿಯವರು 2025ರ ದೀಪಾವಳಿಗೆ ಮೆಲ್ಬರ್ನ್‌ನ ಕನ್ನಡ ಕುಟುಂಬವೊಂದಕ್ಕೆ ಪೆಟ್ಟಿಗೆ ಕಟ್ಟಿದ್ದರು. 24 ಪಣತಿ, ಹತ್ತಿಯ ಬತ್ತಿ, ಕುಂಕುಮ, ಕರ್ಪೂರ, ಜೊತೆಗೆ ಅರ್ಧ ಕಿಲೋ ಕುಂದಾ. ಕರ್ಪೂರ ಬೇಗ ಹೊತ್ತಿಕೊಳ್ಳುವ ವಸ್ತು, ಅಂಚೆಯ ವಿಮಾನಕ್ಕೆ ನಿಷಿದ್ಧ. ಅದನ್ನು ಇಲ್ಲೇ ತೆಗೆಸಿದರು. ಉಳಿದ ಪೆಟ್ಟಿಗೆ ಮೆಲ್ಬರ್ನ್‌ನಲ್ಲಿ ತಪಾಸಣೆಗೆ ನಿಂತಿತು. ಹುಲ್ಲಿನಲ್ಲಿ ಕಾಳು, ಹುಳ ಇರಬಹುದು, ಕುಂದಾದಲ್ಲಿ ಹಾಲಿದೆ. ನಮ್ಮ ದೇಶದ ದನಗಳಿಗೆ ಬರುವ ಕಾಲುಬಾಯಿ ಜ್ವರ ಅವರಲ್ಲಿಲ್ಲ, ಅದು ಒಳಗೆ ಬರಬಾರದೆಂದು ಕಾಯುತ್ತಾರೆ. ಕುಂದಾ, ಹುಲ್ಲು ಎರಡೂ ನಾಶವಾದವು. ಪಣತಿ ಮನೆ ಸೇರುವಷ್ಟರಲ್ಲಿ ಅಕ್ಟೋಬರ್ 22ರ ಬಲಿಪಾಡ್ಯಮಿ ಮುಗಿದಿತ್ತು.

ಪಣತಿ ಮಾತ್ರ ಉಳಿದದ್ದೇಕೆ? ಅದು ಸುಟ್ಟ ಮಣ್ಣು. ಹಸಿ ಮಣ್ಣಿನಲ್ಲಿ ಬೀಜ, ರೋಗಾಣು ಇರಬಹುದು, ಹಾಗಾಗಿ ಮಣ್ಣನ್ನೇ ಬಿಡುವುದಿಲ್ಲ. ಭಟ್ಟಿಯ ಬೆಂಕಿಯಲ್ಲಿ ಅದೆಲ್ಲ ಸತ್ತಿರುತ್ತದೆ. ಸುಡದ ಮಣ್ಣಿನ ಗಣಪನನ್ನು ಅಲ್ಲಿಗೆ ಕಳಿಸಲು ಹೋಗಬೇಡಿ ಎಂದು ಹೇಳುವುದೂ ಇದಕ್ಕೇ. ಪಣತಿ ಸರಿಯಾಗಿ ಸುಟ್ಟಿದೆಯೇ ಎಂದು ನೋಡಲು ರಾತ್ರಿಯಿಡೀ ನೀರಿನಲ್ಲಿಡಿ. ಬೆಂದಿದ್ದರೆ ಹಾಗೇ ಇರುತ್ತದೆ, ಬೆರಳಿನಿಂದ ತಟ್ಟಿದರೆ ಟಣ್ ಎನ್ನುತ್ತದೆ. ಬೇಯದಿದ್ದರೆ ಕೆಸರಾಗುತ್ತದೆ.

ಈ ಸಲ ಅಂಗಡಿಯವರು ಪಣತಿಗಳನ್ನು ತೊಳೆದು, ಒಣಗಿಸಿ, ಹೊಸ ಕಾಗದದಲ್ಲಿ ಒಂದೊಂದಾಗಿ ಸುತ್ತುತ್ತಾರೆ. ಫಾರ್ಮಿನಲ್ಲಿ ‘ಪೂಜಾ ಸಾಮಾನು’ ಎಂದು ಬರೆದರೆ ಒಳಗೇನಿದೆ ಎಂದು ಯಾರಿಗೂ ತಿಳಿಯುವುದಿಲ್ಲ, ಬಿಚ್ಚಿ ನೋಡುತ್ತಾರೆ. ಅದಕ್ಕೇ ಸುಟ್ಟ ಮಣ್ಣಿನ ದೀಪ 24, ಹತ್ತಿ ಬತ್ತಿ ಇಷ್ಟು, ಬೆಲೆ ಇಷ್ಟು ಎಂದು ಬಿಡಿಬಿಡಿಯಾಗಿ ಇಂಗ್ಲಿಷಿನಲ್ಲಿ ಬರೆಯುತ್ತಾರೆ. ಮಾರಿದ ಸರಕನ್ನು ‘ಗಿಫ್ಟ್’ ಎನ್ನುವುದಿಲ್ಲ. ಅದಕ್ಕಾಗಿ 500 ರೂಪಾಯಿ ಕಟ್ಟಿ ರಫ್ತಿನ ಐಇಸಿ ನಂಬರ್ ಮಾಡಿಸಿಕೊಂಡಿದ್ದಾರೆ.

ಇನ್ನು ಕೊನೇ ದಿನಾಂಕ. ಹಬ್ಬಕ್ಕೆ ನಾಲ್ಕು ವಾರ ಮೊದಲು ಪೆಟ್ಟಿಗೆ ಅಂಚೆ ಸೇರಬೇಕು ಎಂಬುದು ಅವರು ಈಗ ಇಟ್ಟುಕೊಂಡ ಲೆಕ್ಕ. ದಾರಿಗೆ ಎರಡು ವಾರ, ತಪಾಸಣೆಗೆ ಎರಡು ವಾರ. ನಾನು ಅದನ್ನು ಖಾನಾಪುರದ ಕುಂಬಾರ ಅಜ್ಜಿಗೆ ಹೇಳಿದೆ. ಅವರು ಬೆರಳು ಮಡಚಿ ಎಣಿಸಿದರು.

“ಹಂಗಾರ ನಾ ಮಳಿಯೊಳಗ ಪಣತಿ ಒಣಗಸಬೇಕಲ್ಲೋ ತಮ್ಮಾ!”

ಅವರ ಮಾತು ಖರೆ. ಘಟ್ಟದ ಅಂಚಿನ ಖಾನಾಪುರದಲ್ಲಿ ಮಳೆ ಜೋರು. ಪೂರ್ತಿ ಒಣಗದ ಪಣತಿಯನ್ನು ಭಟ್ಟಿಗೆ ಹಾಕಿದರೆ ಒಳಗಿನ ನೀರು ಆವಿಯಾಗಿ ಸಿಡಿಯುತ್ತದೆ. ಅಂಚೆಯ ಕೊನೇ ದಿನ ಹಬ್ಬಕ್ಕೆ ನಾಲ್ಕು ವಾರ ಮೊದಲು ಎಂದು ನಾವು ಬರೆದರೂ, ಕುಂಬಾರರಿಗೆ ಅದು ಮೇ ತಿಂಗಳು. ಬಿಸಿಲಿರುವಾಗಲೇ ಸುಟ್ಟು ಇಡಬೇಕು. ಆಗ ಮುಂಗಡ ಹಣ ಕೊಡುವವರು ಯಾರು? ಅಂಗಡಿಯವರು ಅರ್ಧ ಕೊಡಲು ಒಪ್ಪಿದ್ದಾರೆ. ಉಳಿದರ್ಧದ ಮಾತು ಇನ್ನೂ ನಡೆದಿದೆ.