ಕೆಂಪು ಶಾಯಿಯ ತಪ್ಪು

ಭೂಗೋಳದ ಉತ್ತರಪತ್ರಿಕೆಗಳಲ್ಲಿ ನಾವು ಬೇಗನೆ ಮುಗಿಸುವ ಭಾಗವೆಂದರೆ ನಕಾಶೆ. ಭಾರತದ ಹೊರರೇಖೆಯ ನಕಾಶೆಯಲ್ಲಿ ವಿಂಧ್ಯ, ಸಾತಪುಡಾ, ನರ್ಮದಾ, ತಾಪಿ, ಮಾಳವಾ ಇವನ್ನು ಗುರುತಿಸಲು ಕೇಳಿದ್ದೆವು. ಒಟ್ಟು ಐದು ಗುಣ. ತಪಾಸಣೆಗೆಂದು ಪಾರದರ್ಶಕ ಕಾಗದದ ಮೇಲೆ ಸರಿಯುತ್ತರವನ್ನು ಬರೆದಿಟ್ಟುಕೊಂಡಿದ್ದೆವು. ಅದನ್ನು ಮಕ್ಕಳ ನಕಾಶೆಯ ಮೇಲಿಟ್ಟು ನೋಡುವುದು, ಗೆರೆ ಕೂಡಿದರೆ ಗುಣ, ಕೂಡದಿದ್ದರೆ ಕೆಂಪು ಶಾಯಿ.

41 ಪತ್ರಿಕೆಗಳಲ್ಲಿ 36 ನಮ್ಮ ಕಾಗದದೊಂದಿಗೆ ಸರಿಯಾಗಿ ಕೂಡಿದವು. ನಾಲ್ವರು ನರ್ಮದೆಯನ್ನು ಕಚ್ಛದ ಆಖಾತಕ್ಕೆ ಒಯ್ದು ಬಿಟ್ಟಿದ್ದರು. ಉಳಿದದ್ದು ಒಬ್ಬ ಹುಡುಗಿಯ ನಕಾಶೆ. ಅವಳು ಸಾತಪುಡಾವನ್ನು ಎರಡು ನದಿಗಳ ನಡುವೆ ಬರೆದಿದ್ದಳು. ನಮ್ಮ ಕಾಗದದಲ್ಲಿ ಮೇಲೆ ಎರಡು ಪರ್ವತ, ಕೆಳಗೆ ಎರಡು ನದಿ ಇದ್ದವು. ಸಾತಪುಡಾ, ನರ್ಮದಾ ಎರಡಕ್ಕೂ ಕೆಂಪು ಗೆರೆ ಎಳೆದು ಅವಳಿಗೆ ಮೂರೇ ಗುಣ ಕೊಟ್ಟೆವು.

ಪತ್ರಿಕೆ ಹಂಚಿದ ದಿನ ಆ ಹುಡುಗಿ ಮೇಜಿನ ಬಳಿಗೆ ಬಂದು ನಿಂತಳು. "ಸರ್, ನಮ್ಮಪ್ಪ ಇಂದೂರಕ್ಕ ಲಾರಿ ಒಯ್ತಾರ್ರಿ. ಬುರ್ಹಾನಪುರದ ಹತ್ರ ಮೊದಲ ತಾಪಿ ದಾಟತಾರಂತ. ಆಮ್ಯಾಲ ಗುಡ್ಡ ಬರ್ತದ, ಖಂಡವಾ ಬರ್ತದ, ಆಮ್ಯಾಲ ನರ್ಮದಾ. ಅದನ್ನ ದಾಟಿದ ಮ್ಯಾಲ ಮತ್ತ ಘಾಟ ಏರಬೇಕಂತ್ರಿ. ಎರಡೂ ಗುಡ್ಡ ಒಂದs ಕಡೆ ಹೆಂಗ ಇರ್ತಾವ್ರಿ?"

ನಾವು "ನಾಳೆ ನೋಡೋಣವ್ವಾ" ಎಂದೆವು. ಅಂದು ರಾತ್ರಿ ಅಟ್ಲಾಸು ತೆರೆದಾಗ ಮೈ ಬೆವರಿತು. ಅವಳ ತಂದೆಯ ಲಾರಿಯ ದಾರಿಯೇ ಸರಿ. ಇಂದೂರು ಇರುವುದು ಮಾಳವಾ ಪ್ರಸ್ಥಭೂಮಿಯಲ್ಲಿ. ಅಲ್ಲಿಂದ ದಕ್ಷಿಣಕ್ಕೆ ಹೊರಟರೆ ವಿಂಧ್ಯದ ಘಾಟ ಇಳಿದು ನರ್ಮದೆಗೆ ಬರುತ್ತೇವೆ. ನದಿ ದಾಟಿ ಖಂಡವಾ ಹಾದು, ಅಸೀರಗಡದ ಬಳಿ ಸಾತಪುಡಾದ ಗುಡ್ಡಗಳ ಸಂದಿಯಿಂದ ಇಳಿದರೆ ಬುರ್ಹಾನಪುರ, ಅಲ್ಲಿ ತಾಪಿ. ಅದರ ಕೆಳಗೆ ಖಾನದೇಶದ ಬಯಲು, ಆಮೇಲೆ ಅಜಂತೆಯ ಬೆಟ್ಟಸಾಲು. ಮೇಲಿನಿಂದ ಕೆಳಗೆ ಪರ್ವತ, ನದಿ, ಪರ್ವತ, ನದಿ ಎಂಬುದೇ ಸರಿಯಾದ ಕ್ರಮ. ನರ್ಮದೆ ಪಶ್ಚಿಮಕ್ಕೆ ಹರಿಯುವುದೂ ಎರಡು ಪರ್ವತಗಳ ನಡುವಿನ ಉದ್ದನೆಯ ತಗ್ಗಿನಲ್ಲೇ. ನಮ್ಮ ಚಿತ್ರದಂತೆ ಎರಡು ಪರ್ವತಗಳೂ ಉತ್ತರದಲ್ಲಿದ್ದರೆ ಆ ತಗ್ಗಿಗೆ ದಕ್ಷಿಣದ ಗೋಡೆಯೇ ಇರುವುದಿಲ್ಲ.

ಹಾಗಾದರೆ 36 ಮಕ್ಕಳು ಒಂದೇ ತಪ್ಪನ್ನು ಹೇಗೆ ಮಾಡಿದರು? ತಪ್ಪು ನಮ್ಮದೇ. ಪಾಠದ ದಿನ ಅವಸರದಲ್ಲಿ ಕರಿಹಲಗೆಯ ಮೇಲೆ ಬರೆದ ಚಿತ್ರವನ್ನು ಅವರು ಹಾಗೆಯೇ ಇಳಿಸಿಕೊಂಡಿದ್ದರು. ತಪಾಸಣೆಯ ಕಾಗದವನ್ನೂ ನಾವು ಅಟ್ಲಾಸಿನಿಂದ ತೆಗೆಯದೆ ಅದೇ ಚಿತ್ರದಿಂದ ತೆಗೆದಿದ್ದೆವು. ತಪ್ಪನ್ನು ತಪ್ಪಿನಿಂದಲೇ ಅಳೆದರೆ ಅದು ಸರಿಯಾಗಿಯೇ ಕಾಣುತ್ತದೆ.

ಮರುದಿನ ಮಕ್ಕಳೆದುರು ಅದನ್ನು ಒಪ್ಪಿಕೊಂಡೆವು. ಆ ಹುಡುಗಿಯಿಂದಲೇ ದಾರಿಯನ್ನು ಹೇಳಿಸಿ, ಅವಳು ಹೇಳಿದಂತೆ ಹಲಗೆಯ ಮೇಲೆ ಹೊಸದಾಗಿ ಬರೆದೆವು. ಅವಳಿಗೆ ಐದಕ್ಕೆ ಐದು. ಉಳಿದವರ ಗುಣ ಕಡಿಮೆ ಮಾಡಲಿಲ್ಲ, ಆದರೆ ಎಲ್ಲರೂ ನಕಾಶೆಯನ್ನು ಮತ್ತೊಮ್ಮೆ ಬರೆಯಬೇಕಾಯಿತು.

ಈಗ ತಪಾಸಣೆಯ ಕ್ರಮ ಬದಲಾಗಿದೆ. ಮೊದಲು ನದಿಯ ಮುಖ ನೋಡುತ್ತೇವೆ. ಗುಜರಾತದ ಕರಾವಳಿಯಲ್ಲಿ ಎರಡು ಆಖಾತಗಳಿವೆ. ಮೇಲಿನದು ಕಚ್ಛದ್ದು, ಕಾಠಿಯಾವಾಡದ ಪೂರ್ವಕ್ಕೆ ಸೀಳಿದಂತಿರುವುದು ಖಂಭಾತದ್ದು. ನರ್ಮದೆ ಭರೂಚದ ಬಳಿ, ತಾಪಿ ಸೂರತದ ಬಳಿ ಸಮುದ್ರ ಸೇರುವುದು ಖಂಭಾತದ ಕಡೆಗೇ. ಆಮೇಲೆ ಕರ್ಕಾಟಕ ವೃತ್ತ. ನರ್ಮದೆ ಹುಟ್ಟಿದಲ್ಲಿಂದ ಕೊನೆಯವರೆಗೆ ಅದರ ದಕ್ಷಿಣದಲ್ಲೇ ಇರುತ್ತದೆ. ನದಿಯ ಗೆರೆ ಆ ವೃತ್ತವನ್ನು ದಾಟಿದರೆ ಬೇರೇನೂ ನೋಡದೆ ತಪ್ಪೆನ್ನಬಹುದು. ಮೂರನೆಯದು ಅಂತರ. ನಮ್ಮ ನಕಾಶೆ ಉತ್ತರದಿಂದ ದಕ್ಷಿಣಕ್ಕೆ 16 ಸೆಂಟಿಮೀಟರು. ದೇಶದ ಉದ್ದ 3214 ಕಿಲೋಮೀಟರು. ಎಂದರೆ ಒಂದು ಸೆಂಟಿಮೀಟರಿಗೆ ಸುಮಾರು 200 ಕಿಲೋಮೀಟರು. ಎರಡು ನದೀಮುಖಗಳ ನಡುವಿನ ಅಂತರ ಸುಮಾರು 60 ಕಿಲೋಮೀಟರು, ನಕಾಶೆಯಲ್ಲಿ ಮೂರು ಮಿಲಿಮೀಟರು ಅಷ್ಟೆ. ಎರಡು ಸೆಂಟಿಮೀಟರು ಬಿಟ್ಟವರು ತಾಪಿಯನ್ನು ಮುಂಬಯಿಯ ಆಚೆಗೆ ಒಯ್ದಂತೆ.

ಕೈ ನಡುಗಿ ಗೆರೆ ಒಂದೆರಡು ಮಿಲಿಮೀಟರು ಸರಿದರೆ ಗುಣ ಕಳೆಯುವುದಿಲ್ಲ. ಕ್ರಮ ತಪ್ಪಿದರೆ ಮಾತ್ರ ಕಳೆಯುತ್ತೇವೆ. ಗೆರೆ ಸರಿಯುವುದು ಬೆರಳಿನ ತಪ್ಪು, ಕ್ರಮ ತಪ್ಪುವುದು ತಿಳುವಳಿಕೆಯ ತಪ್ಪು.

ಹಳೆಯ ಪಾರದರ್ಶಕ ಕಾಗದವನ್ನು ಇನ್ನೂ ಹರಿದಿಲ್ಲ. ಅಟ್ಲಾಸಿನ ಅದೇ ಪುಟದಲ್ಲಿ ಇಟ್ಟಿದ್ದೇವೆ. ಕೆಂಪು ಶಾಯಿಯ ಲೇಖಣಿ ತೆಗೆಯುವ ಮೊದಲು ಒಮ್ಮೆ ಅದನ್ನು ನೋಡುತ್ತೇವೆ.