ಊರಿನ ಮಂದಿ ಬೇಕು, ಬರೇ ಊರಿನ ಮಂದಿ ಸಾಲಂಗಿಲ್ಲ (ಭಾಗ 3)

ನಮ್ಮ ದೊಡ್ಡವ್ವನ ಮಗಳು 2023ರ ಸೆಪ್ಟೆಂಬರ್‌ನಾಗ ಎಂ.ಎಸ್‌ಸಿ. ಓದಾಕ ಬೈಲಹೊಂಗಲದಿಂದ ಇಂಗ್ಲೆಂಡಿನ ಲೆಸ್ಟರ್‌ಗೆ ಹೋದ್ಲು. ಹೋಗೂಕಿಂತ ಮೊದಲ ವಾಟ್ಸಾಪ್ ಗ್ರೂಪಿನಾಗ ಸವದತ್ತಿ ಕಡೆಯ ಒಬ್ಬ ಅಕ್ಕ ಸಿಕ್ಕಿದ್ಲು. "ರೂಮ್ ಐತಿ ಬಾರವಾ, ಎಲ್ಲಾ ನಮ್ಮ ಕಡೆಯವರ ಅದೀವಿ" ಅಂದ್ಲು. ಮನ್ಯಾಗ ಎಲ್ಲಾರಿಗೂ ಹೊಟ್ಟಿ ತಣ್ಣಗಾತು.

ಖರೇನ ಆ ಮನಿ ಛಲೋ ಇತ್ತು. ಆರು ಹುಡುಗಿಯರು. ಸಿಮ್ ತಗೊಳ್ಳೂದು, ಬ್ಯಾಂಕ್ ಖಾತೆ ತೆಗೆಯೂದು, ಬಸ್ಸು, ಎಲ್ಲಾ ಒಂದ ವಾರದಾಗ ಕಲಿಸಿದ್ರು. ಭಾನುವಾರ ರೊಟ್ಟಿ, ಶೇಂಗಾ ಚಟ್ನಿ. ಪಾರ್ಟ್ ಟೈಮ್ ಕೆಲಸನೂ ಅವರ ಕೊಡಿಸಿದ್ರು, ಒಂದು ಗೋಡೌನಿನಾಗ ಪ್ಯಾಕಿಂಗ್. ಸ್ಟೂಡೆಂಟ್ ವೀಸಾದಾಗ ಡಿಗ್ರಿ ಓದವರು ಕ್ಲಾಸ್ ನಡೆಯೂ ದಿನಗಳಾಗ ವಾರಕ್ಕ 20 ತಾಸು ಮಾತ್ರ ದುಡಿಬಹುದು. ಅಷ್ಟರಾಗ ಬಾಡಿಗಿ, ಊಟ ನಡೀತಿತ್ತು.

ಜನವರಿ ಬಂತು. ಕ್ರಿಸ್‌ಮಸ್ ಗದ್ದಲ ಮುಗೀತು, ಗೋಡೌನಿನಾಗ ಕೆಲಸ ಕಡಿಮಿ ಆತು. ಒಂದ ವಾರದಾಗ ಆರೂ ಮಂದಿಗೆ ಶಿಫ್ಟ್ ನಿಂತ್ವು. ಅಕ್ಕ "ಬ್ಯಾರೆ ಎಲ್ಲಿ ಕೆಲಸ ಐತಿ?" ಅಂತ ಕೇಳಿದ್ರ ಆರೂ ಮಂದಿಗೆ ಗೊತ್ತಿದ್ದದ್ದು ಅದ ಒಂದ ಗೋಡೌನ್. ಯಾಕಂದ್ರ ಎಲ್ಲಾರಿಗೂ ಸುದ್ದಿ ಬರ್ತಿದ್ದದ್ದು ಒಬ್ಬರ ಬಾಯಿಂದ. ನಾವು ಬಿ.ಕಾಂ.ದಾಗ ಒಬ್ಬನ ಸಪ್ಲೈಯರ್ ಮ್ಯಾಲೆ ನಿಂತ ಅಂಗಡಿ ಬಗ್ಗೆ ಓದ್ತೀವಲ್ಲ, ಹಂಗ.

ಇದನ್ನ ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೋವೆಟರ್ 1973ರಾಗ ಬರೆದಾನ. ಪರಿಚಯದವರ ಕಡೆಯಿಂದ ಕೆಲಸ ಸಿಕ್ಕವರನ್ನ ಅವ ಕೇಳಿದ: ಹೇಳಿದವರನ್ನ ನೀವು ಎಷ್ಟು ಸಲ ಭೆಟ್ಟಿ ಆಗ್ತಿದ್ರಿ? ಪದೇ ಪದೇ ಅಂದವರು ಸುಮಾರು 17 ಪರ್ಸೆಂಟ್ ಮಾತ್ರ. ಉಳಿದವರಿಗೆ ಸುದ್ದಿ ಕೊಟ್ಟವರು ಆಗೊಮ್ಮೆ ಈಗೊಮ್ಮೆ ಸಿಗೂ ಮಂದಿ. ಜೋಡಿ ಉಣ್ಣವರಿಗೆ ನಮಗ ಗೊತ್ತಿದ್ದದ್ದ ಗೊತ್ತಿರ್ತೈತಿ.

ಅಕ್ಕಗ ಕೆಲಸ ಸಿಕ್ಕದ್ದೂ ಹಂಗ. ಕ್ಲಾಸಿನಾಗ ಪ್ರಾಜೆಕ್ಟಿಗೆ ಜೋಡಿ ಆದ ನೈಜೀರಿಯಾದ ಹುಡುಗಿ ಹೇಳಿದ್ಲು: ಯೂನಿವರ್ಸಿಟಿ ತನ್ನ ವಿದ್ಯಾರ್ಥಿಗಳಿಗಂತನ ಕೆಲಸದ ಪಟ್ಟಿ ಬ್ಯಾರೆ ಹಾಕ್ತೈತಿ, ಲಾಗಿನ್ ಆಗಿ ನೋಡು. ನಾಕು ತಿಂಗಳು ಅದು ಅಕ್ಕನ ಕಣ್ಣ ಮುಂದನ ಇತ್ತು. ಮನ್ಯಾಗ ಯಾರೂ ತೆಗೆದು ನೋಡಿರಲಿಲ್ಲ. ಮಾರ್ಚ್‌ನಾಗ ಲೈಬ್ರರಿ ಕೆಲಸಕ್ಕ ಸೇರಿದ್ಲು.

ಇನ್ನೊಂದು ಪೆಟ್ಟು ಡೆಪಾಸಿಟ್‌ದು. ಬಂದ ದಿನಾನ 400 ಪೌಂಡ್ ಕೈಯಾಗ ಕೊಟ್ಟಿದ್ಲು. "ನಮ್ಮವರ ಹತ್ರ ರಸೀದಿ ಹೆಂಗ ಕೇಳೂದು?" ಅಂತ ಸುಮ್ಮನಿದ್ಲು. ಮನಿ ಬಿಡೂವಾಗ ಅರ್ಧಾನೂ ಬರಲಿಲ್ಲ. ಇಂಗ್ಲೆಂಡಿನಾಗ ಸಾಮಾನ್ಯ ಬಾಡಿಗಿ ಒಪ್ಪಂದ ಇದ್ರ ಮಾಲೀಕ ಡೆಪಾಸಿಟ್ಟನ್ನ 30 ದಿನದೊಳಗ ಸರಕಾರ ಒಪ್ಪಿದ ಸ್ಕೀಮಿನಾಗ ಇಡಬೇಕು. ಆದ್ರ ಅಕ್ಕನ ಹೆಸರಿನಾಗ ಒಪ್ಪಂದಾನ ಇರಲಿಲ್ಲ. ಕಾಗದ ಕೇಳಿದ್ರ ಸಂಬಂಧ ಕೆಡಂಗಿಲ್ಲ. ಕೇಳಲಾರದ್ದಕ್ಕ ಕೆಟ್ಟಿತು.

ಅಕ್ಕ ಆ ಗುಂಪು ಬಿಡಲಿಲ್ಲ. ಭಾನುವಾರದ ಊಟ ಇಟ್ಕೊಂಡ್ಲು, ಮನಿ ಬದಲಿಸಿದ್ಲು. ಹೊಸ ಮನ್ಯಾಗ ನಾಕು ಮಂದಿ, ನಾಕು ದೇಶ. ಲೈಬ್ರರಿ ಸುದ್ದಿ ಹಳೇ ಗುಂಪಿಗೆ ಹಾಕಿದ್ಲು, ಇಬ್ಬರಿಗೆ ಕ್ಯಾಂಪಸ್‌ದಾಗ ಕೆಲಸ ಆತು. ನೈಜೀರಿಯಾದ ಗೆಳತಿನ್ನ ಒಂದು ಭಾನುವಾರ ಊಟಕ್ಕ ಕರೆದಾಗ ಎಲ್ಲಾರೂ ಕನ್ನಡದಾಗ ಮಾತು ಶುರು ಮಾಡಿದ್ರು, ಆಕಿ ಸುಮ್ಮನ ಫೋನ್ ನೋಡ್ತಾ ಕುಂತ್ಲು. ಆವತ್ತಿನಿಂದ ಒಂದ ನಿಯಮ: ತಿಳಿಯದವರು ಒಬ್ಬರು ಇದ್ರೂ ಇಂಗ್ಲಿಷ್.

ಆಮ್ಯಾಲೆ ಕನ್ನಡ ಬಳಗ ಯು.ಕೆ. ಯುಗಾದಿ ಕಾರ್ಯಕ್ರಮಕ್ಕೂ ಹೋದ್ಲು. ಅಲ್ಲಿ ಹಿಂದ ಹೋಗಿ ನೆಲಿಸಿದ ಡಾಕ್ಟರು, ಅವರ ಮಕ್ಕಳು, ಮೈಸೂರು, ಮಂಗಳೂರು ಎಲ್ಲಾ ಕಡೆಯವರು ಇರ್ತಾರ. ಅವರೂ ಕನ್ನಡದವರ, ಆದ್ರ ಅವರಿಗೆ ಗೊತ್ತಿರೂದು ಬ್ಯಾರೆ. ಅಲ್ಲೂ ಒಬ್ಬರು "ಯಾವ ಊರು?" ಅಂದ ಮ್ಯಾಲೆ "ಯಾರ ಪೈಕಿ?" ಅಂದ್ರಂತ. ಗುಂಪು ಜಿಲ್ಲೆಯಿಂದ ಜಾತಿಗೆ ಸಣ್ಣದಾಗೂದು ಆ ಪ್ರಶ್ನೆಯಿಂದ. ಅಕ್ಕ "ಬೈಲಹೊಂಗಲರೀ" ಅಂತ ಅಷ್ಟಕ್ಕ ನಿಲ್ಲಿಸಿದ್ಲು.

ಅಪರಿಚಿತ ಸೀನಿಯರ್‌ಗೆ ಅಕ್ಕ ಬರೀತಿದ್ದ ಮೆಸೇಜ್ ಇದು: "ನಮಸ್ಕಾರರೀ, ನಾನು ಬೈಲಹೊಂಗಲದಾಕಿ, ಇಲ್ಲಿ ಎಂ.ಎಸ್‌ಸಿ. ಓದಾಕತ್ತೀನಿ. ನೀವು ಮೊದಲನೇ ಕೆಲಸಕ್ಕ ಯಾವ ತಿಂಗಳು ಅರ್ಜಿ ಹಾಕಾಕ ಶುರು ಮಾಡಿದ್ರಿ?" ಒಂದ ಪ್ರಶ್ನೆ, ಎರಡು ಸಾಲಿನಾಗ ಉತ್ತರ ಕೊಡೂವಂಥದ್ದು. "ಕೆಲಸ ಕೊಡಸ್ರೀ" ಅಂದ್ರ ಮಂದಿ ಬ್ಲೂ ಟಿಕ್ ಮಾಡಿ ಬಿಡ್ತಾರ.

ನಾನೂ ಮುಂದಿನ ವರ್ಷ ಅರ್ಜಿ ಹಾಕಾಂವ. ಮೊದಲನೇ ತಿಂಗಳು ನಮ್ಮವರ ಮನಿ ಸಿಕ್ರ ಪುಣ್ಯ. ಆದ್ರ ಎರಡನೇ ತಿಂಗಳಿಂದ ಒಂದು ಲೆಕ್ಕ ಬರೆದಿಡಾಂವ: ಈ ವಾರ ನನಗ ಹೊಸಾ ಸುದ್ದಿ ಕೊಟ್ಟವರು ಯಾರು? ನಾಕು ವಾರ ಒಂದ ಮನಿ ಹೆಸರು ಬಂದ್ರ, ಗುಂಪು ಬಾವಿ ಆಗೇತಿ ಅಂತ ತಿಳೀಬೇಕು.

ಭಾಗ 4ರಾಗ: ಎಜುಕೇಶನ್ ಲೋನಿನ ಬಡ್ಡಿ ಲೆಕ್ಕ. ಹೊರಗ ಹೋಗೂ ಗೆಳೆಯರಿದ್ರ ಇದನ್ನ ಕಳಸ್ರಿ.

#ಬೈಲಹೊಂಗಲ #ಕಿತ್ತೂರು #ಸವದತ್ತಿ #ರಾಮದುರ್ಗ