ಔ ಆದ ಮೇಲಿನ ಖಾನೆ

ಪ್ರಿಯ ಮಿತ್ರರೆ,

ಬೀಳ್ಕೊಡುಗೆಯ ದಿನ ಏನು ಮಾತಾಡಿದಿರಿ ಎಂದು ಕೇಳಿದ್ದಿರಿ. ನಿಜ ಹೇಳಬೇಕೆಂದರೆ ಎರಡು ಹಾಳೆ ಬರೆದುಕೊಂಡು ಹೋಗಿದ್ದೆ, ಮೈಕಿನ ಮುಂದೆ ನಿಂತಾಗ ಕನ್ನಡಕ ಮೇಜಿನ ಮೇಲೆ ಉಳಿದಿತ್ತು. ಹಾಗಾಗಿ ಬಾಯಿಗೆ ಬಂದದ್ದನ್ನು ಆಡಿದೆ. ಹಿಂದಿನ ಸಾಲಿನವರಿಗೆ ಮಿರ್ಚಿ-ಮಂಡಕ್ಕಿ ಆರುತ್ತದೆಂಬ ಚಿಂತೆ, ಆದ್ದರಿಂದ ಅರ್ಧಕ್ಕೇ ನಿಲ್ಲಿಸಿದೆ. ಉಳಿದರ್ಧವನ್ನೂ ಸೇರಿಸಿ ನಿಮಗೆ ಬರೆಯುತ್ತಿದ್ದೇನೆ.

ನಾನು 1989ರಲ್ಲಿ ತಾಲ್ಲೂಕಿನ ಶಿಕ್ಷಣ ಕಚೇರಿಗೆ ದ್ವಿತೀಯ ದರ್ಜೆ ಸಹಾಯಕನಾಗಿ ಸೇರಿದಾಗ ಕೈಗೆ ಸಿಕ್ಕ ಕೆಲಸ ಪ್ರಾಥಮಿಕ ಶಾಲೆಯ ಮೇಷ್ಟರುಗಳ ಸೇವಾ ಪುಸ್ತಕಗಳನ್ನು ಕಾಯುವುದು. ಸುಮಾರು ಒಂಬೈನೂರು ಪುಸ್ತಕ. ಒಬ್ಬರು ನೌಕರಿಗೆ ಸೇರಿದ ದಿನ ತೆರೆದ ಪುಸ್ತಕ ನಿವೃತ್ತಿಯವರೆಗೂ ನಡೆಯುತ್ತದೆ. ಇನ್‌ಕ್ರಿಮೆಂಟು, ರಜೆ, ವರ್ಗಾವಣೆ ಎಲ್ಲ ಅದರಲ್ಲೇ. ಕೊನೆಗೆ ಪಿಂಚಣಿ ಕಾಗದದ ಜೊತೆ ಅದು ಮಹಾಲೇಖಪಾಲರ ಕಚೇರಿಗೆ ಹೋಗಬೇಕು. ಪುಸ್ತಕ ಸಿಗದಿದ್ದರೆ ಮೂವತ್ತು ವರ್ಷ ಪಾಠ ಮಾಡಿದವರೂ ಪಾಠ ಮಾಡಿದ್ದಕ್ಕೆ ಸಾಕ್ಷಿ ಹುಡುಕುತ್ತ ಶಾಲೆಯಿಂದ ಶಾಲೆಗೆ ಅಲೆಯಬೇಕಾಗುತ್ತದೆ.

ಆಗ ರ‍್ಯಾಕಿನ ಮೇಲೆ ಇಂಗ್ಲಿಷ್ ಅಕ್ಷರಗಳಿದ್ದವು. ಎ ಇಂದ ಝಡ್‌ವರೆಗೆ ಇಪ್ಪತ್ತಾರು ಖಾನೆ. ಅದರಲ್ಲಿ ಹತ್ತು ಖಾಲಿ, ಎಸ್ ಖಾನೆ ಮಾತ್ರ ಬಿರಿದು ನೆಲಕ್ಕಿಳಿದಿತ್ತು. ಶಾರದಮ್ಮ, ಶಿವಪ್ಪ, ಷಣ್ಮುಖಪ್ಪ, ಸರೋಜ, ಸಿದ್ದಪ್ಪ ಎಲ್ಲರೂ ಅಲ್ಲೇ. ಸಾಲದ್ದಕ್ಕೆ ಸ್ಪೆಲಿಂಗಿನ ಕಾಟ. ತಿಪ್ಪೇಸ್ವಾಮಿಯ ಟಿ ಆದ ಮೇಲೆ ಎಚ್ ಹಾಕಿದವರೊಂದು ಕಡೆ, ಹಾಕದವರೊಂದು ಕಡೆ. ಲಕ್ಷ್ಮಿಗೆ ಎಕ್ಸ್ ಬರೆದರೆ ಒಂದು ಜಾಗ, ಕೆ ಬರೆದರೆ ಇನ್ನೊಂದು. ಗೌರಮ್ಮನಿಗೆ ಯು ಒಂದು ದಾರಿ, ಡಬ್ಲ್ಯು ಒಂದು ದಾರಿ. ಒಂದೇ ಹೆಸರಿನವರನ್ನು ಮೂರು ಕಡೆ ಹುಡುಕಿ ಸಂಜೆಯಾಗುತ್ತಿತ್ತು.

1993ರಲ್ಲಿ ನಮ್ಮ ಸೂಪರಿಂಟೆಂಡೆಂಟರು ಒಂದು ದಿನ ಬೋರ್ಡ್ ಬರೆಯುವವನನ್ನು ಕರೆಸಿ, ರ‍್ಯಾಕಿಗೆಲ್ಲ ಕನ್ನಡ ಅಕ್ಷರ ಬರಿ ಅಂದರು. ಆತ ಶಾಲೆಯ ಗೋಡೆಯ ಮೇಲಿನ ಅಕ್ಷರಮಾಲೆಯನ್ನು ನೋಡಿಕೊಂಡು ಒಂದನ್ನೂ ಬಿಡದೆ ಬರೆದ. ಙ, ಞ, ಣ, ಳ ಕೂಡ! ಆ ಅಕ್ಷರದಿಂದ ಶುರುವಾಗುವ ಮೇಷ್ಟರು ನಮ್ಮ ತಾಲ್ಲೂಕಿನಲ್ಲಷ್ಟೇ ಅಲ್ಲ, ಯಾವ ತಾಲ್ಲೂಕಿನಲ್ಲೂ ಇರಲಿಕ್ಕಿಲ್ಲ. ಖಾನೆ ಸುಮ್ಮನೆ ಯಾಕೆ ಖಾಲಿ ಇರಬೇಕೆಂದು ಣ ದಲ್ಲಿ ನನ್ನ ಊಟದ ಡಬ್ಬಿ ಇಡುತ್ತಿದ್ದೆ, ಳ ದಲ್ಲಿ ಛತ್ರಿ. ಸಭೆಯಲ್ಲಿ ಇದನ್ನು ಹೇಳಿದಾಗ ಮಾತ್ರ ಬಿಇಒ ಸಾಹೇಬರು ನಕ್ಕರು.

ಕನ್ನಡಕ್ಕೆ ಬಂದದ್ದರಿಂದ ಸ್ಪೆಲಿಂಗಿನ ಜಗಳ ಮುಗಿಯಿತು. ಎಸ್ ಖಾನೆ ಮೂರಾಗಿ ಒಡೆದು ಉಸಿರಾಡಿತು. ಬಿ ಖಾನೆಯಿಂದ ಭಾರತಿ, ಭೀಮಪ್ಪ ಬೇರೆ ಮನೆ ಮಾಡಿದರು. ಆದರೆ ಹೊಸ ಜಗಳಗಳು ಬಂದವು. ಶಾಂತಮ್ಮ ತಾನೇ ಸಾಂತಮ್ಮ ಎಂದು ಸಹಿ ಮಾಡಿದರೆ ಯಾರನ್ನು ಕೇಳುವುದು? ನಮ್ಮ ಕಡೆ ಹನುಮಪ್ಪ ಬಾಯಲ್ಲಿ ಅನುಮಪ್ಪನಾಗುತ್ತಾನೆ, ಬಾಯಲ್ಲಿ ಬಂದದ್ದು ಕೆಲವೊಮ್ಮೆ ಕಾಗದಕ್ಕೂ ಬರುತ್ತದೆ. ನಾನು ಮಾಡಿಕೊಂಡ ನಿಯಮ ಒಂದೇ: ಪುಸ್ತಕದ ಮೊದಲ ಪುಟದಲ್ಲಿ ಏನಿದೆಯೋ ಅದೇ ಹೆಸರು. ಬಾಯಿಮಾತಿನ ಹೆಸರಿನ ಜಾಗದಲ್ಲಿ ಒಂದು ರಟ್ಟಿನ ಚೀಟಿ ಸಿಕ್ಕಿಸಿ, ‘ಹ ದಲ್ಲಿ ನೋಡಿ’ ಎಂದು ಬರೆದುಬಿಡುವುದು. ಚೀಟಿಗೆ ಕಾಸಿಲ್ಲ, ಹುಡುಕಾಟಕ್ಕೆ ದಿನ ಬೇಕು.

ಈಗ ಒಂದು ಪ್ರಸಂಗ ಹೇಳುತ್ತೇನೆ. ಇದನ್ನು ಸಭೆಯಲ್ಲಿ ಪೂರ್ತಿ ಹೇಳಲಾಗಲಿಲ್ಲ.

1998. ಒಬ್ಬ ಟೀಚರಮ್ಮ ಆ ವರ್ಷದ ಕೊನೆಗೆ ನಿವೃತ್ತರಾಗುವವರು. ನಿಜವಾದ ಹೆಸರು ಬೇಡ, ಅಂಬುಜ ಅಂದುಕೊಳ್ಳಿ. ಪಿಂಚಣಿ ಕಾಗದ ಸಿದ್ಧಮಾಡಲು ಪುಸ್ತಕ ತೆಗೆಯಲು ಹೋದರೆ ಇಲ್ಲ. ಅ ಖಾನೆಯಲ್ಲಿ ಅಕ್ಕಮಹಾದೇವಿಗಿಂತ ಮುಂಚೆ ಇರಬೇಕು, ಅಲ್ಲಿರಲಿಲ್ಲ. ಕಟ್ಟುಗಳನ್ನೆಲ್ಲ ಬಿಚ್ಚಿದೆ, ಅ ಮುಗಿಸಿ ಆ ನೋಡಿದೆ. ಅಧಿಕಾರಿಗಳ ಮೇಜು, ಆಡಿಟ್‌ನವರು ಕೂತಿದ್ದ ಕೋಣೆ, ಟಪಾಲಿನ ಗುಡ್ಡೆ, ಎಲ್ಲ ಆಯಿತು. ಟೀಚರಮ್ಮ ದಿನಾ ಮಧ್ಯಾಹ್ನದ ಬಸ್ಸಿಗೆ ಬಂದು ಬೆಂಚಿನ ಮೇಲೆ ಕೂತು, ಏನೂ ಕೇಳದೆ, ಐದರ ಬಸ್ಸಿಗೆ ಹೋಗುತ್ತಿದ್ದರು. ಬೈದಿದ್ದರೆ ಚೆನ್ನಾಗಿತ್ತು.

ನಾಲ್ಕನೆಯ ದಿನ ರ‍್ಯಾಕಿನ ಮುಂದೆ ಸುಮ್ಮನೆ ನಿಂತೆ. ಅಲ್ಲಿಯವರೆಗೆ ನಾನು ಪುಸ್ತಕ ಎಲ್ಲಿರಬೇಕೋ ಅಲ್ಲಿ, ಅದರ ಆಚೀಚೆ ಹುಡುಕುತ್ತಿದ್ದೆ. ಕೇಳಬೇಕಾದ್ದು ಅದಲ್ಲ, ಇದನ್ನು ಕೊನೆಗೆ ಇಟ್ಟವರು ಯಾರು, ಅವರ ತಲೆಯಲ್ಲಿ ಅಕ್ಷರಮಾಲೆ ಹೇಗಿದೆ ಎಂದು. ಜನವರಿಯಲ್ಲಿ ಅಂಬುಜ ಟೀಚರ ಇನ್‌ಕ್ರಿಮೆಂಟು ನಮೂದಾಗಿತ್ತು. ಆಗ ನಾನು ಹೆಂಡತಿಯ ಹೆರಿಗೆಗೆಂದು ರಜೆಯಲ್ಲಿದ್ದೆ. ಬೇರೆ ಕಚೇರಿಯಿಂದ ಎರವಲು ಬಂದ ಹುಡುಗನೊಬ್ಬ ಒಂದು ತಿಂಗಳು ನನ್ನ ಕುರ್ಚಿಯಲ್ಲಿದ್ದ. ಅವನು ರ‍್ಯಾಕ್ ನೋಡಿರುತ್ತಾನೆ. ಅ, ಆ, ಇ, ಈ ದಾಟಿ, ಔ ದಾಟಿ, ಅಲ್ಲೊಂದು ಖಾನೆಯ ಮೇಲೆ ದೊಡ್ಡದಾಗಿ ‘ಅಂ’ ಎಂದು ಬರೆದಿದೆ!

ಬೋರ್ಡ್ ಬರೆದವನು ಬರೆದದ್ದು. ಆ ಖಾನೆಯಲ್ಲಿ ನಾವು ಖಾಲಿ ನಮೂನೆಗಳ ಬಂಡಲು ಇಡುತ್ತಿದ್ದೆವು. ಬಂಡಲು ಎತ್ತಿದೆ. ಕೆಳಗೆ, ನುಸಿ ಗುಳಿಗೆಯ ಪುಡಿ ಮೆತ್ತಿಕೊಂಡು, ಟೀಚರಮ್ಮನ ಪುಸ್ತಕ ಅಂಗಾತ ಮಲಗಿತ್ತು.

ಆ ಹುಡುಗನದು ತಪ್ಪು ಎನ್ನಲು ನನಗೆ ಇವತ್ತಿಗೂ ಮನಸ್ಸಿಲ್ಲ. ಒಂದನೇ ತರಗತಿಯಲ್ಲಿ ನಮಗೆಲ್ಲ ಕಲಿಸಿದ್ದು ಹಾಗೇ ತಾನೆ, ಒ ಓ ಔ ಅಂ ಅಃ. ಆದರೆ ಕನ್ನಡ ನಿಘಂಟು ತೆರೆದು ನೋಡಿ. ಅಂಕ, ಅಂಗಡಿ, ಅಂಚೆ ಎಲ್ಲ ಅ ಒಳಗೇ, ಅಕ್ಕನಿಗಿಂತ ಮುಂಚೆ ಬರುತ್ತವೆ. ಅಲ್ಲಿ ಲೆಕ್ಕ ಹೀಗೆ: ಮೊದಲ ಅಕ್ಷರ ಅ. ಎರಡನೆಯದು ಸೊನ್ನೆ. ಸೊನ್ನೆಯ ಸ್ಥಾನ ಸ್ವರಗಳೆಲ್ಲ ಮುಗಿದ ಮೇಲೆ, ವ್ಯಂಜನ ಶುರುವಾಗುವ ಮುಂಚೆ. ಹಾಗಾಗಿ ಅ ಪಕ್ಕದಲ್ಲಿ ಸೊನ್ನೆ ಇರುವ ಹೆಸರು, ಅ ಪಕ್ಕದಲ್ಲಿ ಕ ಇರುವ ಹೆಸರಿಗಿಂತ ಮೊದಲು. ಅಂ ಎಂಬುದು ಬೇರೆ ಅಕ್ಷರವಲ್ಲ, ಅ ಮತ್ತು ಸೊನ್ನೆ, ಅಷ್ಟೆ. ಸೂಪರಿಂಟೆಂಡೆಂಟರು ಇದನ್ನು ಒಂದೇ ಮಾತಿನಲ್ಲಿ ಹೇಳುತ್ತಿದ್ದರು: “ಅಂಬುಜನ್ನ ಔ ಆದ್ಮೇಲೆ ಇಟ್ಟರೆ, ಕಂಠೆಪ್ಪನ್ನ ಕೌಸಲ್ಯ ಆದ್ಮೇಲೆ ಇಡ್ತೀಯೇನೋ?” ನೋಡಿ, ಕಾಗುಣಿತದ ಪ್ರಕಾರ ಹಾಗೂ ಇಡುವವರಿದ್ದಾರೆ. ಕೌ ಕಂ ಕಃ. ಎರಡರಲ್ಲಿ ಯಾವುದಾದರೂ ಒಂದು ನಡೆಯುತ್ತದೆ. ಎರಡೂ ಒಂದೇ ರ‍್ಯಾಕಿನಲ್ಲಿ ನಡೆದಾಗ ಟೀಚರಮ್ಮ ಬೆಂಚಿನ ಮೇಲೆ ಕೂರಬೇಕಾಗುತ್ತದೆ. ಮರುದಿನವೇ ನಾನು ಅಂ, ಅಃ ಎರಡರ ಮೇಲೂ ಕಪ್ಪು ಬಣ್ಣ ಬಳಿಸಿದೆ.

ಅಂದಿನಿಂದ ಇನ್ನೊಂದು ಅಭ್ಯಾಸ ಬಂತು. ಪುಸ್ತಕ ಹೊರಗೆ ಹೋದರೆ ಅದರ ಜಾಗದಲ್ಲಿ ಚೀಟಿ ನಿಲ್ಲಬೇಕು, ಯಾರು ಒಯ್ದರು, ಯಾವ ತಾರೀಕು ಎಂದು ಬರೆದು. ಸಾಹೇಬರೇ ಒಯ್ದರೂ ಸರಿ. ವಾಪಸು ಬಂದ ಪುಸ್ತಕವನ್ನು ಚೀಟಿಯ ಜಾಗಕ್ಕೇ ಹಾಕಿ ಚೀಟಿ ಹೊರತೆಗೆಯುವುದು. ಆಗ ಇಡುವವನು ಅಕ್ಷರಮಾಲೆ ಯೋಚಿಸಬೇಕಾದ್ದೇ ಇಲ್ಲ. ಇದಕ್ಕಾಗಿ ಇಬ್ಬರು ಅಧಿಕಾರಿಗಳ ಹತ್ತಿರ ಬೈಸಿಕೊಂಡಿದ್ದೇನೆ.

ಕಂಪ್ಯೂಟರ್ ಬಂದ ಮೇಲೆ ಇದೆಲ್ಲ ತಪ್ಪಿತೆಂದು ನೀವು ಅಂದುಕೊಂಡಿದ್ದರೆ, ಇಲ್ಲ. ಮೊದಲ ಸಲ ಹೆಸರಿನ ಪಟ್ಟಿ ವಿಂಗಡಿಸಿ ಪ್ರಿಂಟ್ ಕೊಟ್ಟಾಗ ಅರ್ಧ ತಾಲ್ಲೂಕು ಎ ಅಕ್ಷರದಲ್ಲಿ ಸೇರಿತ್ತು. ನಮ್ಮ ಜನಕ್ಕೆ ಇನಿಷಿಯಲ್ ಹೆಸರಿನ ಮುಂದೆ ಬರುತ್ತದೆ, ಅದೂ ಇಂಗ್ಲಿಷ್ ಅಕ್ಷರ ಕನ್ನಡ ಲಿಪಿಯಲ್ಲಿ. ಎಂ, ಎನ್, ಎಲ್, ಎಸ್ ಎಲ್ಲವೂ ಎ ಇಂದಲೇ ಶುರು. ಇನ್ನು ಎಚ್ ಎಂದು ಬರೆದುಕೊಂಡವರು ಎ ದಲ್ಲಿ, ಹೆಚ್ ಎಂದು ಬರೆದುಕೊಂಡವರು ಹ ದಲ್ಲಿ! ಒಂದೇ ಮನೆಯ ಅಣ್ಣತಮ್ಮ ಇಬ್ಬರೂ ಮೇಷ್ಟರು, ಒಬ್ಬ ಪಟ್ಟಿಯ ಮೊದಲ ಪುಟದಲ್ಲಿ, ಇನ್ನೊಬ್ಬ ಕೊನೆಯ ಪುಟದಲ್ಲಿ. ಇನಿಷಿಯಲ್ಲನ್ನು ಬೇರೆ ಕಾಲಮ್ಮಿಗೆ ಹಾಕಿ, ಸ್ವಂತ ಹೆಸರಿನ ಮೇಲೆ ವಿಂಗಡಿಸು ಎಂದು ಆಪರೇಟರ್ ಹುಡುಗಿಗೆ ಹೇಳಿದೆ. ಸರಿಹೋಯಿತು.

ಆದರೂ ಒಂದು ಉಳಿಯಿತು. ರ‍್ಯಾಕಿನಲ್ಲಿ ಕಾವೇರಮ್ಮ ಮೊದಲು, ಕಾಳಪ್ಪ ಆಮೇಲೆ. ಪಟ್ಟಿಯಲ್ಲಿ ಕಾಳಪ್ಪ ಮೊದಲು. ಯಂತ್ರ ಕೆಟ್ಟಿದೆಯೇನೋ ಎಂದುಕೊಂಡೆ. ತಿಳಿದವರೊಬ್ಬರು ಬಿಡಿಸಿ ಹೇಳಿದರು. ಭಾರತದ ಹಲವು ಲಿಪಿಗಳಿಗೆ 1988ರಲ್ಲಿ ಇಸ್ಕಿ ಎಂಬ ಒಂದೇ ಅಚ್ಚು ಮಾಡಿದ್ದರಂತೆ, ಯೂನಿಕೋಡ್‌ನಲ್ಲಿ ಈ ಲಿಪಿಗಳ ಭಾಗ ಅದನ್ನೇ ಆಧರಿಸಿದೆ. ಆ ಅಚ್ಚಿನಲ್ಲಿ ಳ ಕೂತಿರುವುದು ಲ ಪಕ್ಕದಲ್ಲಿ, ವ ಕ್ಕಿಂತ ಮೊದಲು. ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ. ಕನ್ನಡದ ಕ್ರಮ ಇಂಥದ್ದು ಎಂದು ಬೇರೆಯಾಗಿ ಕಲಿಸದಿದ್ದರೆ ತಂತ್ರಾಂಶ ಬರೀ ಆ ಸಂಖ್ಯೆ ನೋಡಿ ಜೋಡಿಸುತ್ತದೆ. ನಮ್ಮ ಮಕ್ಕಳು ಹೇಳುವುದು ಶ ಷ ಸ ಹ ಳ ಎಂದು. ಹಾಗಾಗಿ ಬಸವರಾಜ, ಬಳ್ಳಾರಪ್ಪ ಇಬ್ಬರೂ ರ‍್ಯಾಕಿನಲ್ಲಿ ಒಂದು ಕ್ರಮ, ಪರದೆಯಲ್ಲಿ ಇನ್ನೊಂದು. ಇದನ್ನು ನಾನು ತಿದ್ದಲಿಲ್ಲ. ರ‍್ಯಾಕಿನ ಪಕ್ಕದ ಗೋಡೆಗೆ ಒಂದು ಕಾಗದ ಅಂಟಿಸಿ, ‘ಪಟ್ಟಿಯಲ್ಲಿ ಳ ಬೇರೆ, ಇಲ್ಲಿ ಳ ಬೇರೆ’ ಎಂದು ಬರೆದೆ.

ಭಾಷಣ ಇಲ್ಲಿಗೂ ಬರಲಿಲ್ಲ ಬಿಡಿ. ಶಾಲು ಹೊದಿಸಿದರು, ಪೇಟ ಇಟ್ಟರು, ಅದು ಕಣ್ಣಿನವರೆಗೆ ಇಳಿಯಿತು. ಅಂಬುಜ ಟೀಚರು ಬಂದಿರಲಿಲ್ಲ, ಅವರಿಗೀಗ ಎಂಬತ್ತೈದು ಇರಬೇಕು. ನನ್ನ ಸೇವಾ ಪುಸ್ತಕ ಬೆಂಗಳೂರಿಗೆ ಹೋಗಿ ತಿಂಗಳಾಯಿತು. ನನ್ನ ಕುರ್ಚಿಗೆ ಬಂದಿರುವ ಹುಡುಗಿ ಚುರುಕಾಗಿದ್ದಾಳೆ. ಚೀಟಿ ಇಡುತ್ತೇನೆ ಸಾರ್ ಎಂದು ಮಾತು ಕೊಟ್ಟಿದ್ದಾಳೆ.

ಹಾರ, ಹಣ್ಣಿನ ಬುಟ್ಟಿ, ಫೋಟೋ ಎಲ್ಲ ಹೊತ್ತುಕೊಂಡು ಬಸ್ ನಿಲ್ದಾಣಕ್ಕೆ ಬಂದರೆ ಜುಲೈ ಕೊನೆಯ ಮಳೆ ಹಿಡಿದುಕೊಂಡಿತು. ಛತ್ರಿ ಇಲ್ಲ. ಅವಳಿಗೆ ಫೋನ್ ಮಾಡಿದೆ.

“ಎಲ್ಲಿಟ್ಟಿದ್ದೀರಿ ಸಾರ್?”

“ಳ ಖಾನೆಯಲ್ಲಿ ನೋಡಮ್ಮ.”

ಸ್ವಲ್ಪ ಹೊತ್ತು ಕಾಲ ಸಪ್ಪಳ ಮಾತ್ರ ಕೇಳಿಸಿತು. “ಲ ಪಕ್ಕದಲ್ಲಿ ಇಲ್ಲ ಸಾರ್, ಅಲ್ಲಿ ವ ಇದೆ.”

“ಹ ದಾಟಿ ಬಾರಮ್ಮ,” ಅಂದೆ.

ನಿಮ್ಮ,
ಒಬ್ಬ ಮಾಜಿ ಗುಮಾಸ್ತ